ಓದುಗರ ಪ್ರಶ್ನೆ, ತಜ್ಞರ ಉತ್ತರ: ಐದಡಿಯೂ ಬೇಡ, ಒಂದೂವರೆ ಅಡಿಯೂ ಸಾಲದು

ಪ್ರಶ್ನೆ: ಸರ್, ನಮ್ಮ ಮನೇಲಿ ಆರು ಜನ. ದಿನಕ್ಕೆ ಒಂದೂವರೆ ಕೆ.ಜಿ. ಅಡುಗೆಮನೆ ಕಸ ಬರುತ್ತೆ. ಹಿತ್ತಲಲ್ಲಿ ಎರಡಡಿ ಉದ್ದ, ಎರಡಡಿ ಅಗಲದ ಜಾಗ ಇದೆ. ಅಲ್ಲಿ ಗೊಬ್ಬರದ ಗುಂಡಿ ಮಾಡಿಸ್ಬೇಕು. ಗುಂಡಿ ತೆಗೆಯೋರು ಐದಡಿ ಆಳ ಬೇಕು ಅಂತಾರೆ, ಪಕ್ಕದ ಮನೆಯವರು ಒಂದೂವರೆ ಅಡಿ ಸಾಕು ಅಂತಾರೆ. ಯಾರ ಮಾತು ಕೇಳಲಿ? (ನಿಟ್ಟುವಳ್ಳಿ, ದಾವಣಗೆರೆ)

ಇಬ್ಬರ ಮಾತೂ ಕೇಳಬೇಡಿ. ವರ್ಷಕ್ಕೆ ಹತ್ತು ಸಲ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಪ್ರತಿ ಸಲವೂ ಒಬ್ಬರು ಇಂದಿನ ಕಸವನ್ನು ಅಳೆದಿರುತ್ತಾರೆ, ಇನ್ನೊಬ್ಬರು ನಾಲ್ಕು ತಿಂಗಳ ನಂತರದ ಗೊಬ್ಬರವನ್ನು ಅಳೆದಿರುತ್ತಾರೆ. ಗುಂಡಿಯೊಳಗೆ ಎರಡೂ ಒಟ್ಟಿಗೆ ಇರುತ್ತವೆ ಅನ್ನುವುದನ್ನೇ ಮರೆತಿರುತ್ತಾರೆ.

ಮೊದಲು ಬಕೆಟ್ಟಿನಿಂದ ಶುರು ಮಾಡೋಣ. ಒಂದೂವರೆ ಕೆ.ಜಿ. ಸಿಪ್ಪೆ, ಸೊಪ್ಪಿನ ಕಡ್ಡಿ, ಚಹಾ ಚರಟ ಸಡಿಲವಾಗಿ ಬಿದ್ದಾಗ ಸುಮಾರು ಮೂರರಿಂದ ಮೂರೂವರೆ ಲೀಟರ್ ಜಾಗ ಹಿಡಿಯುತ್ತದೆ. ಅದಕ್ಕೆ ಅಷ್ಟೇ ಅಳತೆಯ ಒಣ ತರಗೆಲೆ ಸೇರಿಸಿದರೆ ಒಟ್ಟು ಆರೂವರೆ ಲೀಟರ್ ಆಗುವುದಿಲ್ಲ. ಹಸಿ ಚೂರುಗಳು ಎಲೆಗಳ ನಡುವಿನ ಸಂದಿಗೆ ಇಳಿಯುವುದರಿಂದ ಐದು ಲೀಟರ್ ಹತ್ತಿರ ನಿಲ್ಲುತ್ತದೆ. ತಿಂಗಳಿಗೆ 150 ಲೀಟರ್, ಗುಂಡಿ ತುಂಬಿಸುವ ನಾಲ್ಕು ತಿಂಗಳಿಗೆ 600 ಲೀಟರ್. ಒಂದು ಘನ ಅಡಿಗೆ ಸುಮಾರು 28 ಲೀಟರ್ ಹಿಡಿಯುತ್ತದೆ. ಹಾಗಾಗಿ ನಿಮ್ಮ ನಾಲ್ಕು ಚದರ ಅಡಿ ಜಾಗದಲ್ಲಿ 600 ಲೀಟರಿಗೆ ಐದಡಿಯ ಮೇಲೆ ಸ್ವಲ್ಪ ಆಳ ಬೇಕು. ಗುಂಡಿ ತೆಗೆಯುವವರ ಲೆಕ್ಕ ಇದೇ. ಕಸ ಕಲ್ಲಿನಂತೆ ಹಾಕಿದ ಹಾಗೇ ಇರುವುದಾಗಿದ್ದರೆ ಅವರು ಹೇಳಿದ್ದು ಸರಿಯಾಗುತ್ತಿತ್ತು.

ಆದರೆ ಕಸ ಇಳಿಯುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಮೊದಲ ತಿಂಗಳಲ್ಲಿ ಸಿಪ್ಪೆ ಮೆತ್ತಗಾಗಿ ನೀರು ಬಿಟ್ಟುಕೊಂಡು ಕುಸಿಯುತ್ತದೆ. ಹಸಿ ಕಸದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಆಮೇಲಿನ ಇಳಿತ ನಿಧಾನ. ಸೂಕ್ಷ್ಮಜೀವಿಗಳು ತಿಂದದ್ದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಮೂರು ತಿಂಗಳು ದಾಟಿದ ಮೇಲೆ ಇಳಿತ ಹೆಚ್ಚುಕಡಿಮೆ ನಿಂತು, ಹಾಕಿದ್ದರ ಮೂರನೇ ಒಂದು ಪಾಲು ಉಳಿಯುತ್ತದೆ. ನಿಮ್ಮ 600 ಲೀಟರ್ ಪೂರ್ತಿ ಕಳಿತಾಗ ಸುಮಾರು 200 ಲೀಟರ್, ಅಂದರೆ ಗುಂಡಿಯಲ್ಲಿ ಒಂದೂಮುಕ್ಕಾಲು ಅಡಿ. ಪಕ್ಕದ ಮನೆಯವರು ನೋಡಿರುವುದು ಇದನ್ನು.

ನಿಜವಾದ ಗುಂಡಿಯಲ್ಲಿ ಇವತ್ತಿನ ಕಸ ಮೇಲಿರುತ್ತದೆ, ಮೂರು ತಿಂಗಳ ಹಿಂದಿನದು ತಳದಲ್ಲಿರುತ್ತದೆ. ನಾಲ್ಕನೇ ತಿಂಗಳ ಕೊನೆಯ ದಿನ ಇಣುಕಿ ನೋಡಿದಿರಿ ಅಂದುಕೊಳ್ಳಿ. ಆ ತಿಂಗಳು ಹಾಕಿದ 150 ಲೀಟರ್ ಆಗಲೇ 110ಕ್ಕೆ ಇಳಿದಿರುತ್ತದೆ. ಅದರ ಕೆಳಗೆ ಮೂರನೇ ತಿಂಗಳದ್ದು 70 ಲೀಟರ್, ಎರಡನೆಯದು 55, ಮೊದಲನೆಯದು 50. ಒಟ್ಟು 285 ಲೀಟರ್. ನಿಮ್ಮ ಗುಂಡಿಯಲ್ಲಿ ಇದು ಎರಡೂವರೆ ಅಡಿ. ಮೇಲೆ ಮಣ್ಣೋ ಹಳೆ ಗೊಬ್ಬರವೋ ಮುಚ್ಚಲು, ಮಳೆ ನೀರು ಒಳಗೆ ಹೊರಳದಂತೆ ಅಂಚು ಬಿಡಲು ಅರ್ಧ ಅಡಿ ಬೇಕು. ಹಾಗಾಗಿ ಎರಡಡಿ ಉದ್ದ, ಎರಡಡಿ ಅಗಲ, ಮೂರಡಿ ಆಳ. ಇಂಥವು ಎರಡು ಬೇಕು, ಒಂದರಲ್ಲಿ ತುಂಬಿಸುವಾಗ ಇನ್ನೊಂದು ನಾಲ್ಕು ತಿಂಗಳು ಸುಮ್ಮನೆ ಕಳಿಯಲಿ. ಎರಡನೆಯದಕ್ಕೆ ಜಾಗವಿಲ್ಲದಿದ್ದರೆ ಮೊದಲನೆಯದನ್ನೂ ತೆಗೆಸಬೇಡಿ. ಹಸಿ ಕಸ ಬೆರೆತ ಅರೆಬರೆ ಗೊಬ್ಬರ ತೆಗೆದು ಗಿಡಕ್ಕೆ ಹಾಕಿ ಬೇರು ಸುಟ್ಟಿತು ಅಂತ ನನಗೆ ಬರೆಯುವವರೆಲ್ಲ ಒಂದೇ ಗುಂಡಿಯವರು. ಮನೆಯಲ್ಲಿ ನಾಲ್ಕೇ ಜನ, ದಿನಕ್ಕೆ ಒಂದೇ ಕೆ.ಜಿ. ಅನ್ನುವವರಿಗೆ ಇದೇ ಉದ್ದಗಲದಲ್ಲಿ ಎರಡೂಕಾಲು ಅಡಿ ಸಾಕು.

ಮೂರಡಿಗಿಂತ ಆಳಕ್ಕೆ ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ. ತಳಕ್ಕೆ ಗಾಳಿ ಹೋಗದೆ ಕಸ ಕಳಿಯುವ ಬದಲು ಕೊಳೆಯುತ್ತದೆ. ನಮ್ಮ ಕಡೆಯ ಎರೆಮಣ್ಣಿನಲ್ಲಂತೂ ನೀರು ಬೇಗ ಬಸಿಯುವುದಿಲ್ಲ. ಬಹಳ ವರ್ಷಗಳ ಹಿಂದೆ ಎರೆ ನೆಲದಲ್ಲಿ ನಾಲ್ಕಡಿ ಗುಂಡಿ ನಾನೇ ತೆಗೆಸಿದ್ದೆ. ಜುಲೈ ಮಳೆಗೆ ತಳದಲ್ಲಿ ನೀರು ನಿಂತು ಕಪ್ಪು ರಾಡಿಯಾಯಿತು, ಆ ನಾತಕ್ಕೆ ಹಿತ್ತಲ ಬಾಗಿಲು ತೆರೆಯಲಾಗಲಿಲ್ಲ. ಅದನ್ನು ಬಾಚಿ ಹೊರಗೆ ಹಾಕಿದ ಮೇಲೆ ಎರೆ ನೆಲದವರಿಗೆ ನಾನು ಹೇಳುವುದು ಇಷ್ಟೇ: ಒಂದಡಿ ಮಾತ್ರ ಅಗೆಯಿರಿ, ಉಳಿದ ಎರಡಡಿಗೆ ನೆಲದ ಮೇಲೆ ಇಟ್ಟಿಗೆಯನ್ನು ಸಂದಿ ಬಿಟ್ಟು ಜೋಡಿಸಿ, ಮೇಲೊಂದು ತಗಡು ಮುಚ್ಚಿ. ಚಿತ್ರದುರ್ಗದ ಕೆಂಪು ಗರಸು ನೆಲದವರು ಮೂರಡಿಯನ್ನೂ ಅಗೆಯಬಹುದು.

ಲೆಕ್ಕ ಸರಿ ಇದೆಯೇ ಅಂತ ನೋಡಲು ಒಂದು ಕೋಲು ಸಾಕು. ಅಡಿ ಗುರುತು ಹಾಕಿ ಗುಂಡಿಯ ಮೂಲೆಯಲ್ಲಿ ನಿಲ್ಲಿಸಿ, ಪ್ರತಿ ತಿಂಗಳ ಕೊನೆಗೆ ನೋಡಿ. ಮೊದಲ ತಿಂಗಳಿಗೆ ಒಂದಡಿ, ಎರಡನೆಯದಕ್ಕೆ ಒಂದೂವರೆಯ ಮೇಲೆ ಸ್ವಲ್ಪ, ಮೂರಕ್ಕೆ ಎರಡು, ನಾಲ್ಕಕ್ಕೆ ಎರಡೂವರೆ. ಎರಡು ತಿಂಗಳಿಗೇ ಎರಡಡಿ ದಾಟಿದ್ದರೆ ಗುಂಡಿ ಚಿಕ್ಕದಾಯಿತು ಅಂತ ಇನ್ನೊಂದು ಅಗೆಸಲು ಓಡಬೇಡಿ. ಅರ್ಧ ಅಡಿ ಕೆಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ ಇದೆ. ಪುಡಿಪುಡಿಯಾಗಿ ಉದುರಿದರೆ ಕಸ ಒಣಗಿ ನಿಂತಿದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ನಮ್ಮೂರ ಗುಂಡಿಗಳಿಗೆ ಆಗುವುದು ಹೆಚ್ಚಾಗಿ ಇದೇ. ಎರಡು ಮೂರು ದಿನಕ್ಕೊಮ್ಮೆ ಒಂದು ಚೊಂಬು ನೀರು ಚಿಮುಕಿಸಿದರೆ ಇಳಿತ ಮತ್ತೆ ಶುರುವಾಗುತ್ತದೆ. ನೀರು ಧಾರೆಯಾಗಿ ಸುರಿದರೆ ತರಗೆಲೆ ಸೇರಿಸಿ ಕೆದಕಿ.

ಹದ ಸರಿ ಇದ್ದೂ ಇಳಿಯದಿದ್ದರೆ ಏನು ಹಾಕಿದ್ದೀರಿ ನೋಡಿಕೊಳ್ಳಿ. ತರಗೆಲೆ ಸಿಗಲಿಲ್ಲ ಅಂತ ಮೆಕ್ಕೆಜೋಳದ ದಿಂಡು, ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು ತುಂಬುವವರಿದ್ದಾರೆ. ಅವು ನಾಲ್ಕು ತಿಂಗಳಿಗೆ ಕರಗುವ ವಸ್ತುಗಳಲ್ಲ. ಅವುಗಳಿಗೆ ನನ್ನ ಮೂರನೇ ಒಂದು ಪಾಲಿನ ಲೆಕ್ಕ ಹೊಂದುವುದಿಲ್ಲ, ಗುಂಡಿಯನ್ನೇ ನುಂಗಿಬಿಡುತ್ತವೆ. ಬೇವು, ಹೊಂಗೆ ಎಲೆ ಉದುರುವ ಕಾಲದಲ್ಲಿ ನಾಲ್ಕು ಚೀಲ ತುಂಬಿಟ್ಟುಕೊಳ್ಳಿ.

ಪ್ರಶ್ನೆ: ಹದಿನೈದು ದಿನದಲ್ಲಿ ಗೊಬ್ಬರ ಆಗುತ್ತೆ ಅಂತ ಒಬ್ಬರು ಪುಡಿ ಮಾರೋಕೆ ಬಂದಿದ್ರು. ತಗೊಂಡ್ರೆ ಚಿಕ್ಕ ಗುಂಡಿ ಸಾಕಾ? (ಹೊಳಲ್ಕೆರೆ)

ಬೇಡ. ಹದಿನೈದು ದಿನಕ್ಕೆ ಕಸ ಕಪ್ಪಾಗುತ್ತದೆ, ಗೊಬ್ಬರವಾಗುವುದಿಲ್ಲ. ಬಣ್ಣ ತೋರಿಸಿ ದುಡ್ಡು ಕೀಳುವವರನ್ನು ಅಂಗಳದಿಂದಲೇ ಕಳಿಸಿ. ಆ ಪುಡಿಯ ಕೆಲಸವನ್ನು ಒಂದು ಬೊಗಸೆ ಹಳೆ ಗೊಬ್ಬರ ಮಾಡುತ್ತದೆ.

ಪ್ರಶ್ನೆ: ವಾಸನೆ ಬಂದ್ರೆ ಸುಣ್ಣ, ಫಿನಾಯಿಲ್ ಹಾಕಬಹುದಾ?

ಫಿನಾಯಿಲ್ ಕಸ ಕಳಿಯುವಂತೆ ಮಾಡುವ ಜೀವಿಗಳನ್ನೇ ಕೊಲ್ಲುತ್ತದೆ. ಸುಣ್ಣ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಒಣ ಎಲೆ ಹಾಕಿ.

ಪ್ರಶ್ನೆ: ಗುಂಡಿ ತುಂಬಿದಾಗ ಕಾಲಲ್ಲಿ ತುಳಿದ್ರೆ ಜಾಗ ಆಗಲ್ವಾ? (ಹರಿಹರ)

ಆಗುತ್ತದೆ, ಒಂದು ವಾರದ ಮಟ್ಟಿಗೆ. ತುಳಿದಾಗ ಹೊರಗೆ ಹೋಗುವುದು ಒಳಗಿನ ಗಾಳಿ. ಗಾಳಿ ಹೋದ ಮೇಲೆ ಕಳಿಯುವುದು ನಿಧಾನವಾಗುತ್ತದೆ, ಮುಂದಿನ ತಿಂಗಳು ಆಗಬೇಕಿದ್ದ ಇಳಿತವೂ ಆಗುವುದಿಲ್ಲ. ಕಾಲು ಇಡಬೇಡಿ, ವಾರಕ್ಕೊಮ್ಮೆ ಕೋಲಿನಿಂದ ಮೇಲಿನ ಅರ್ಧ ಅಡಿಯನ್ನು ಕೆದಕಿ ಬಿಡಿ.