ಥೈಲಕಾಯ್ಡ್‌ನಲ್ಲಿ ಯಾವುದು, ಸ್ಟ್ರೋಮಾದಲ್ಲಿ ಯಾವುದು ಅಂತ ಗೊತ್ತಾಗಿದ್ದು ಹೇಗೆ?

ಪ್ರಶ್ನೆ: ದ್ಯುತಿಸಂಶ್ಲೇಷಣೆಯ ಬೆಳಕಿನ ಕ್ರಿಯೆ ಥೈಲಕಾಯ್ಡ್‌ನಲ್ಲಿ, ಕತ್ತಲೆ ಕ್ರಿಯೆ ಸ್ಟ್ರೋಮಾದಲ್ಲಿ ಅಂತ ಪಿಯುಸಿಗೆ ಬಾಯಿಪಾಠ ಮಾಡಿದ್ದೀನಿ. ಎರಡೂ ಒಂದೇ ಕ್ಲೋರೋಪ್ಲಾಸ್ಟ್ ಒಳಗಿರುವಾಗ ಯಾವುದು ಎಲ್ಲಿ ಅಂತ ಹೇಗೆ ಕಂಡುಹಿಡಿದ್ರು? ಕತ್ತಲೆ ಕ್ರಿಯೆ ರಾತ್ರಿ ಹೊತ್ತು ನಡೆಯುತ್ತಾ?

ಉತ್ತರ:

ರಾತ್ರಿ ನಡೆಯುವುದಿಲ್ಲ. ಅದು ಯಾಕೆ ಅಂತ ಕೊನೆಗೆ ಬರುತ್ತೇನೆ. ನಿಮ್ಮ ಮೊದಲ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಉತ್ತರ ಇರುವುದು ಪಾಲಕ್ ಸೊಪ್ಪಿನಲ್ಲಿ.

ಎಂಎಸ್ಸಿ ಮೊದಲ ವರ್ಷದಲ್ಲಿ ಪಾಲಕ್‌ನಿಂದ ಕ್ಲೋರೋಪ್ಲಾಸ್ಟ್ ಬೇರ್ಪಡಿಸುವ ಪ್ರಯೋಗ ಇತ್ತು. ಎಲೆಯನ್ನು ಐಸ್‌ನಲ್ಲಿಟ್ಟು ತಣ್ಣಗೆ ಮಾಡಬೇಕು. ಸಕ್ಕರೆ ಬೆರೆಸಿದ ತಣ್ಣನೆಯ ಬಫರ್ ಹಾಕಿ ಮಿಕ್ಸಿಯಲ್ಲಿ ನಾಲ್ಕೈದು ಸೆಕೆಂಡ್ ಮಾತ್ರ ತಿರುಗಿಸಬೇಕು. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಟ್ಯೂಬಿನ ತಳದಲ್ಲಿ ಹಸಿರು ಗಸಿ ನಿಲ್ಲುತ್ತದೆ. ನಾನು ಬಫರ್‌ಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ಗಸಿಯೇನೋ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಕ್ಕದ ಬೆಂಚಿನವರ ಕ್ಲೋರೋಪ್ಲಾಸ್ಟ್‌ಗಳು ದುಂಡಗೆ ಹೊಳೆಯುತ್ತಿದ್ದವು, ನನ್ನವು ಮಂಕಾಗಿ, ತರಿತರಿಯಾಗಿ ಕಾಣುತ್ತಿದ್ದವು. ಸಕ್ಕರೆ ಇಲ್ಲದ ನೀರು ಒಳಗೆ ನುಗ್ಗಿ ಎಲ್ಲವೂ ಒಡೆದು ಹೋಗಿದ್ದವು.

ಆದರೂ ಮುಂದಿನ ಹಂತ ಮಾಡಿ ನೋಡಿದೆ. ಡಿಸಿಪಿಐಪಿ ಅಂತ ಒಂದು ನೀಲಿ ಬಣ್ಣ ಇದೆ. ಎಲೆಕ್ಟ್ರಾನ್ ಸಿಕ್ಕಿದರೆ ಅದರ ನೀಲಿ ಹೋಗಿಬಿಡುತ್ತದೆ. ಎರಡು ಟ್ಯೂಬಿಗೂ ನನ್ನ ಒಡೆದ ಗಸಿ, ಎರಡಕ್ಕೂ ಬಣ್ಣ. ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಇನ್ನೊಂದನ್ನು ದೀಪದ ಮುಂದೆ ಇಟ್ಟೆ. ಕೆಲವೇ ನಿಮಿಷದಲ್ಲಿ ದೀಪದ ಮುಂದಿನ ಟ್ಯೂಬಿನಲ್ಲಿ ನೀಲಿ ಹೋಗಿ ಬರೀ ಹಸಿರು ಉಳಿಯಿತು. ಹಾಳೆ ಬಿಚ್ಚಿದಾಗ ಇನ್ನೊಂದು ಹಾಗೇ ನೀಲಿ-ಹಸಿರಾಗಿತ್ತು. ಕ್ಲೋರೋಪ್ಲಾಸ್ಟ್ ಒಡೆದಿದೆ, ಬೆಳಕಿನ ಕ್ರಿಯೆ ಮಾತ್ರ ನಿಂತಿಲ್ಲ. ಹಾಗಾದರೆ ಒಡೆದಾಗ ಚೆಲ್ಲಿಹೋದದ್ದು ಏನು, ಉಳಿದದ್ದು ಏನು?

ಇದಕ್ಕೆ ರಚನೆ ಗೊತ್ತಿರಬೇಕು. ಎಲೆಯ ಕ್ಲೋರೋಪ್ಲಾಸ್ಟ್ ಸುಮಾರು 5 ಮೈಕ್ರೋಮೀಟರ್ ಉದ್ದ ಇರುತ್ತದೆ, ಅಂದರೆ 200 ಕ್ಲೋರೋಪ್ಲಾಸ್ಟ್ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಹೊರಗೆ ಎರಡು ತೆಳು ಪೊರೆ. ಒಳಗೆ ಗಂಜಿಯಷ್ಟು ದಪ್ಪನೆಯ ದ್ರವ, ಅದೇ ಸ್ಟ್ರೋಮಾ. ಆ ದ್ರವದಲ್ಲಿ ಮುಳುಗಿರುವ ಚಪ್ಪಟೆ ಚೀಲಗಳೇ ಥೈಲಕಾಯ್ಡ್. ಉಬ್ಬಿದ ಪೂರಿಯನ್ನು ಮೆಲ್ಲಗೆ ಒತ್ತಿದರೆ ಹೇಗಿರುತ್ತದೆ? ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಸ್ವಲ್ಪ ಟೊಳ್ಳು. ಥೈಲಕಾಯ್ಡ್ ಹಾಗೇ. ಆ ಟೊಳ್ಳಿಗೆ ಲ್ಯೂಮೆನ್ ಅಂತ ಹೆಸರು. ಇಂಥ ಪೂರಿಗಳನ್ನು ಒಂದರ ಮೇಲೊಂದು ಪೇರಿಸಿದ ಗುಡ್ಡೆಯೇ ಗ್ರಾನಾ. ಪುಸ್ತಕದ ಚಿತ್ರದಲ್ಲಿ ಪ್ರತಿ ಪೂರಿಯೂ ಬೇರೆ ಬೇರೆ ಅನ್ನಿಸುತ್ತದೆ. ನಿಜದಲ್ಲಿ ಗುಡ್ಡೆಯಿಂದ ಗುಡ್ಡೆಗೆ ಪೊರೆ ಹಾದುಹೋಗಿದೆ, ಒಳಗಿನ ಟೊಳ್ಳೂ ಒಂದಕ್ಕೊಂದು ಕೂಡಿಕೊಂಡಿದೆ. ಪತ್ರಹರಿತ್ತು ಇರುವುದು ಈ ಪೊರೆಯಲ್ಲಿ. ಸ್ಟ್ರೋಮಾಗೆ ಹಸಿರು ಬಣ್ಣವೇ ಇಲ್ಲ.

ನನ್ನ ಟ್ಯೂಬಿನಲ್ಲಿ ಹೊರಪೊರೆಗಳು ಹರಿದು ಸ್ಟ್ರೋಮಾ ಬಫರ್‌ಗೆ ಕರಗಿಹೋಗಿತ್ತು. ತಳದಲ್ಲಿ ಕೂತದ್ದು ಥೈಲಕಾಯ್ಡ್ ಮಾತ್ರ. ಬೆಳಕು ಹಿಡಿಯಲು, ನೀರು ಒಡೆಯಲು, ಎಲೆಕ್ಟ್ರಾನ್ ಸಾಗಿಸಲು ಅಷ್ಟೇ ಸಾಕು. ರಾಬಿನ್ ಹಿಲ್ 1937ರಲ್ಲೇ ಇದರ ಮೂಲ ರೂಪ ತೋರಿಸಿದ್ದರು. ಎಲೆಯಿಂದ ಬೇರೆ ಮಾಡಿದ ಕ್ಲೋರೋಪ್ಲಾಸ್ಟ್‌ಗೆ ಎಲೆಕ್ಟ್ರಾನ್ ಹಿಡಿದುಕೊಳ್ಳುವ ಕಬ್ಬಿಣದ ಲವಣ ಕೊಟ್ಟು ಬೆಳಕಿಗಿಟ್ಟರೆ, ಕಾರ್ಬನ್ ಡೈಆಕ್ಸೈಡ್ ಬಳಕೆಯಾಗದೆಯೇ ಆಕ್ಸಿಜನ್ ಬಂತು. ಆಕ್ಸಿಜನ್ ಬರುವ ಕೆಲಸವೇ ಬೇರೆ, ಸಕ್ಕರೆ ಕಟ್ಟುವ ಕೆಲಸವೇ ಬೇರೆ ಅಂತ ಅಲ್ಲಿಗೆ ಗೊತ್ತಾಯಿತು.

ಸಕ್ಕರೆ ಕಟ್ಟುವುದು, ಅಂದರೆ ಕತ್ತಲೆ ಕ್ರಿಯೆ, ಎಲ್ಲಿ ಅನ್ನುವುದಕ್ಕೆ ನೇರ ಉತ್ತರ ಸಿಕ್ಕಿದ್ದು 1958ರಲ್ಲಿ. ಬರ್ಕ್ಲಿಯ ಡೇನಿಯಲ್ ಆರ್ನನ್ ಅವರ ಪ್ರಯೋಗಾಲಯದಲ್ಲಿ ಟ್ರೆಬ್ಸ್ಟ್, ತ್ಸುಜಿಮೊಟೊ ಮತ್ತು ಆರ್ನನ್ ಎರಡೂ ಕೆಲಸವನ್ನು ಬಿಡಿಸಿ ನೋಡಿದರು. ಮೊದಲು ಕಾರ್ಬನ್ ಡೈಆಕ್ಸೈಡ್ ಕೊಡದೆ ಬೆಳಕು ಮಾತ್ರ ಕೊಟ್ಟರು. ಶಕ್ತಿ ಹೊತ್ತ ಎಟಿಪಿ ಮತ್ತು ಎಲೆಕ್ಟ್ರಾನ್ ಹೊತ್ತ ಎನ್‌ಎಡಿಪಿಎಚ್ ತಯಾರಾಗಿ ಕೂತವು. ಆಮೇಲೆ ಹಸಿರು ಭಾಗವನ್ನು ಪೂರ್ತಿ ತೆಗೆದುಹಾಕಿದರು. ಉಳಿದ, ಹಸಿರಿಲ್ಲದ ಸ್ಟ್ರೋಮಾ ದ್ರವಕ್ಕೆ ಕತ್ತಲಲ್ಲಿ ವಿಕಿರಣ ಸೂಸುವ ಕಾರ್ಬನ್ ಇರುವ ಕಾರ್ಬನ್ ಡೈಆಕ್ಸೈಡ್ ಕೊಟ್ಟರು. ಆ ಕಾರ್ಬನ್ ಸಕ್ಕರೆಯಲ್ಲಿ ಸಿಕ್ಕಿತು. ಪತ್ರಹರಿತ್ತಿಲ್ಲ, ಬೆಳಕಿಲ್ಲ, ಆದರೂ ಸಕ್ಕರೆ! ಬಾಯಿಪಾಠದ ಆ ಎರಡು ಸಾಲಿನ ಹಿಂದೆ ಇರುವುದು ಇದು.

ಇನ್ನೊಂದು ಪ್ರಯೋಗವನ್ನು ಬಿಟ್ಟರೆ ಥೈಲಕಾಯ್ಡ್ ಯಾಕೆ ಮುಚ್ಚಿದ ಚೀಲ ಆಗಿರಬೇಕು ಅನ್ನುವುದೇ ತಿಳಿಯುವುದಿಲ್ಲ. ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ 1966ರಲ್ಲಿ ಪ್ರಕಟಿಸಿದ ಕೆಲಸ ಅದು. ಪಾಲಕ್‌ನ ಥೈಲಕಾಯ್ಡ್‌ಗಳನ್ನು ಕತ್ತಲಲ್ಲೇ ಪಿಎಚ್ 4ರ ಹುಳಿ ದ್ರಾವಣದಲ್ಲಿ ನೆನೆಸಿದರು. ಟೊಳ್ಳಿನ ಒಳಗೂ ಹುಳಿ ಆಯಿತು. ತಕ್ಷಣ ಅವನ್ನು ಎಟಿಪಿಯ ಕಚ್ಚಾವಸ್ತುಗಳಾದ ಎಡಿಪಿ ಮತ್ತು ಫಾಸ್ಫೇಟ್ ಇರುವ ಪಿಎಚ್ 8ರ ದ್ರಾವಣಕ್ಕೆ ಹಾಕಿದರು. ಎಟಿಪಿ ತಯಾರಾಯಿತು, ಒಂದು ಕಿರಣ ಬೆಳಕೂ ಬೀಳದೆ. ಎಟಿಪಿ ಮಾಡುವ ಕಿಣ್ವಕ್ಕೆ ಬೇಕಾಗಿದ್ದು ನೇರವಾಗಿ ಬೆಳಕಲ್ಲ. ಪೊರೆಯ ಒಂದು ಕಡೆ ಪ್ರೋಟಾನ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರಬೇಕು, ಅಷ್ಟೇ.

ಎಲೆಯಲ್ಲಿ ಆ ಅಂತರವನ್ನು ಉಂಟುಮಾಡುವುದು ಬೆಳಕು. ನೀರು ಒಡೆಯುವುದು ಪೊರೆಯ ಒಳಮುಖದಲ್ಲಿ. ಆಗ ಬರುವ ಪ್ರೋಟಾನ್‌ಗಳು ಲ್ಯೂಮೆನ್‌ನಲ್ಲೇ ಉಳಿಯುತ್ತವೆ. ಎಲೆಕ್ಟ್ರಾನ್ ಸಾಗುವ ದಾರಿಯಲ್ಲಿ ಸ್ಟ್ರೋಮಾದಿಂದ ಇನ್ನಷ್ಟು ಪ್ರೋಟಾನ್ ಒಳಗೆ ಬರುತ್ತವೆ. ಟೊಳ್ಳು ಕೆಲವೇ ನ್ಯಾನೋಮೀಟರ್ ಅಗಲ. ಹಾಗಾಗಿ ಸ್ವಲ್ಪ ಪ್ರೋಟಾನ್ ಬಂದರೂ ಬೇಗ ಹುಳಿಯಾಗುತ್ತದೆ. ಬಿಸಿಲಿನಲ್ಲಿ ಲ್ಯೂಮೆನ್‌ನ ಪಿಎಚ್ 6ಕ್ಕೆ ಇಳಿದು, ಸ್ಟ್ರೋಮಾ 8ರಲ್ಲಿದೆ ಅಂದುಕೊಳ್ಳಿ. ಎರಡು ಪಿಎಚ್ ಅಂತರ ಅಂದರೆ ಪ್ರೋಟಾನ್ ಸಾಂದ್ರತೆಯಲ್ಲಿ 100 ಪಟ್ಟು ವ್ಯತ್ಯಾಸ. ಪ್ರೋಟಾನ್ ಹೊರಗೆ ಬರಲು ಇರುವ ದಾರಿ ಎಟಿಪಿ ಸಿಂಥೇಸ್ ಅನ್ನುವ ಕಿಣ್ವ. ಅದನ್ನು ತಿರುಗಿಸಿಕೊಂಡೇ ಹೊರಬರಬೇಕು. ಚೀಲಕ್ಕೆ ತೂತು ಬಿದ್ದರೆ ಎಲೆಕ್ಟ್ರಾನ್ ಓಡಾಡುತ್ತಲೇ ಇರುತ್ತದೆ, ಎಟಿಪಿ ಮಾತ್ರ ಬರುವುದಿಲ್ಲ. ಹಳೆಯದಾದ ಗಸಿಯಲ್ಲಿ ಹೀಗಾಗುವುದುಂಟು: ಡಿಸಿಪಿಐಪಿ ಬಣ್ಣ ಹೋಗುತ್ತದೆ, ಎಟಿಪಿ ಅಳೆದರೆ ಸಿಗುವುದಿಲ್ಲ.

ಈ ಕಿಣ್ವದ ತಲೆ ಸ್ಟ್ರೋಮಾ ಕಡೆಗೆ ಚಾಚಿಕೊಂಡಿದೆ. ಗ್ರಾನಾ ಗುಡ್ಡೆಯಲ್ಲಿ ಎರಡು ಪೂರಿಗಳ ನಡುವಿನ ಸಂದಿಯಲ್ಲಿ ಆ ತಲೆ ಹಿಡಿಸುವುದೇ ಇಲ್ಲ. ಅದಕ್ಕೇ ಎಟಿಪಿ ಸಿಂಥೇಸ್ ಗುಡ್ಡೆಯ ಅಂಚಿನಲ್ಲಿ ಮತ್ತು ಗುಡ್ಡೆಗಳನ್ನು ಸೇರಿಸುವ ಪೊರೆಯಲ್ಲಿ ಮಾತ್ರ ಇರುತ್ತದೆ. ನೀರು ಒಡೆಯುವ ಫೋಟೋಸಿಸ್ಟಮ್ 2 ಜಾಸ್ತಿ ಇರುವುದು ಗುಡ್ಡೆಯ ಒಳಗೆ. ಎನ್‌ಎಡಿಪಿಎಚ್‌ಗೆ ಎಲೆಕ್ಟ್ರಾನ್ ಒದಗಿಸುವ ಫೋಟೋಸಿಸ್ಟಮ್ 1 ಸ್ಟ್ರೋಮಾಗೆ ತೆರೆದ ಭಾಗದಲ್ಲಿ. ಹೀಗಾಗಿ ಎಟಿಪಿ, ಎನ್‌ಎಡಿಪಿಎಚ್ ಎರಡೂ ಹುಟ್ಟುವುದು ನೇರವಾಗಿ ಸ್ಟ್ರೋಮಾದಲ್ಲೇ, ಅವು ಖರ್ಚಾಗುವ ಜಾಗದಲ್ಲೇ.

ಸ್ಟ್ರೋಮಾದಲ್ಲಿ ರುಬಿಸ್ಕೋ ಕಿಣ್ವ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. ಮೂರು ಕಾರ್ಬನ್ ಡೈಆಕ್ಸೈಡ್ ಹಿಡಿದು ಕ್ಯಾಲ್ವಿನ್ ಚಕ್ರ, ಅಂದರೆ ನಿಮ್ಮ ಕತ್ತಲೆ ಕ್ರಿಯೆ, ತಿರುಗಿದರೆ, 9 ಎಟಿಪಿ ಮತ್ತು 6 ಎನ್‌ಎಡಿಪಿಎಚ್ ಖರ್ಚಾಗಿ, ಮೂರು ಕಾರ್ಬನ್ನಿನ ಒಂದು ಸಕ್ಕರೆ ಫಾಸ್ಫೇಟ್ ಲಾಭ ಉಳಿಯುತ್ತದೆ. ಅದು ಕ್ಲೋರೋಪ್ಲಾಸ್ಟ್ ಬಿಟ್ಟು ಹೊರಗೆ ಬಂದರೆ ಸೈಟೋಪ್ಲಾಸಂನಲ್ಲಿ ಸುಕ್ರೋಸ್ ಆಗುತ್ತದೆ. ಸ್ಟ್ರೋಮಾದಲ್ಲೇ ಉಳಿದರೆ ಪಿಷ್ಟ. ಅಯೋಡಿನ್ ಹಾಕಿದಾಗ ಎಲೆ ಕಪ್ಪುನೀಲಿ ಆಗುತ್ತದಲ್ವಾ, ಅದು ಈ ಪಿಷ್ಟ. ಪರೀಕ್ಷೆಯಲ್ಲಿ ಸುಕ್ರೋಸನ್ನೂ ಸ್ಟ್ರೋಮಾ ಲೆಕ್ಕಕ್ಕೆ ಸೇರಿಸಿ ಬರೆಯಬೇಡಿ.

ಈಗ ರಾತ್ರಿಯ ವಿಷಯ. 1958ರ ಪ್ರಯೋಗದಲ್ಲಿ ಕತ್ತಲಲ್ಲಿ ಸಕ್ಕರೆ ಬಂದದ್ದು ಎಟಿಪಿ, ಎನ್‌ಎಡಿಪಿಎಚ್ ಮೊದಲೇ ಕೂಡಿಟ್ಟಿದ್ದರಿಂದ. ಎಲೆಯಲ್ಲಿ ಅಂಥ ದೊಡ್ಡ ದಾಸ್ತಾನು ಇರುವುದಿಲ್ಲ. ಬೆಳಕು ಹೋದ ಸ್ವಲ್ಪ ಹೊತ್ತಿಗೇ ಮುಗಿದುಹೋಗುತ್ತದೆ. ಅದಲ್ಲದೆ ಪ್ರೋಟಾನ್ ಲ್ಯೂಮೆನ್‌ಗೆ ಹೋದಾಗ ಸ್ಟ್ರೋಮಾದ ಪಿಎಚ್ ಸುಮಾರು 7ರಿಂದ 8ಕ್ಕೆ ಏರುತ್ತದೆ, ಮೆಗ್ನೀಸಿಯಂ ಅಯಾನುಗಳೂ ಸ್ಟ್ರೋಮಾದಲ್ಲಿ ಹೆಚ್ಚುತ್ತವೆ. ರುಬಿಸ್ಕೋ ಚುರುಕಾಗಲು ಇವೆರಡೂ ಬೇಕು. ಚಕ್ರದ ಇನ್ನೂ ಕೆಲವು ಕಿಣ್ವಗಳನ್ನು ಫೋಟೋಸಿಸ್ಟಮ್ 1ರಿಂದ ಬಂದ ಎಲೆಕ್ಟ್ರಾನ್‌ಗಳೇ ಚಾಲೂ ಮಾಡುತ್ತವೆ. ಕತ್ತಲಾದರೆ ಅವು ಆಫ್. ಕತ್ತಲೆ ಕ್ರಿಯೆ ಅನ್ನುವ ಹೆಸರಿನ ಅರ್ಥ ಇಷ್ಟೇ: ಅದರ ಯಾವ ಹಂತವೂ ಬೆಳಕನ್ನು ನೇರವಾಗಿ ಹೀರುವುದಿಲ್ಲ. ತರಗತಿಯಲ್ಲಿ ನಾನು ಈ ಹೆಸರು ಹೇಳುವುದನ್ನೇ ಬಿಟ್ಟಿದ್ದೇನೆ, ಕ್ಯಾಲ್ವಿನ್ ಚಕ್ರ ಅಂತಲೇ ಹೇಳುತ್ತೇನೆ. ಅನಾನಸ್, ಕತ್ತಾಳೆ ಥರದ ಗಿಡಗಳು ರಾತ್ರಿ ಕಾರ್ಬನ್ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುವುದು ನಿಜ. ಆದರೆ ಆಗ ಅದನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ ಅಷ್ಟೇ. ಸಕ್ಕರೆ ಕಟ್ಟುವುದು ಬೆಳಗಾದ ಮೇಲೆ.

ಸಿ4 ಗಿಡಗಳ ಪಾಠಕ್ಕೆ ಬಂದಾಗ ಜೋಳದ ಅಥವಾ ಕಬ್ಬಿನ ಎಲೆಯ ಅಡ್ಡಸೀಳಿಕೆ ಚಿತ್ರವನ್ನು ಹುಡುಕಿ ನೋಡಿ. ನರದ ಸುತ್ತ ಉಂಗುರದ ಹಾಗೆ ನಿಂತಿರುವ ಕೋಶಗಳ ಕ್ಲೋರೋಪ್ಲಾಸ್ಟ್‌ನಲ್ಲಿ ಗ್ರಾನಾ ಗುಡ್ಡೆಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಗುಡ್ಡೆ ಇಲ್ಲ ಅಂದರೆ ಫೋಟೋಸಿಸ್ಟಮ್ 2 ಕಡಿಮೆ, ಆಕ್ಸಿಜನ್ ಹುಟ್ಟುವುದೂ ಕಡಿಮೆ. ಆ ಗಿಡಗಳ ರುಬಿಸ್ಕೋ ಕೆಲಸ ಮಾಡುವುದು ಸರಿಯಾಗಿ ಅದೇ ಕೋಶಗಳಲ್ಲಿ.