ಟಿಪ್ಸ್ ಜಗಳವೋ, ಶಿಫ್ಟ್ ಜಗಳವೋ?

"ಸಪ್ಲೈಯರ್‌ಗಳಿಗೆಲ್ಲ ಭಾನುವಾರ ಸಂಜೆ ಶಿಫ್ಟೇ ಬೇಕು, ಅಡುಗೆಮನೆಯವರಿಗೆ ಟಿಪ್ಸ್ ಸಿಗಲ್ಲ ಅಂತ ಸಿಟ್ಟು. ಏನು ಮಾಡಲಿ?"

ಟಿಪ್ಸ್ ಅವತ್ತವತ್ತೇ ಜೇಬಿಗೆ ಹೋಗ್ತಿರಬೇಕು, ಅದಕ್ಕೇ ಭಾನುವಾರಕ್ಕೆ ಇಷ್ಟು ಬೇಡಿಕೆ. ಮೊದಲು ವಾರದ ದುಡ್ಡನ್ನೆಲ್ಲ ಒಂದೇ ಡಬ್ಬಿಗೆ ಹಾಕಿಸಿ, ಆಮೇಲೆ ಕೆಲಸ ಮಾಡಿದ ಗಂಟೆಯ ಲೆಕ್ಕದಲ್ಲಿ ಹಂಚಿ. ಸಪ್ಲೈಯರ್‌ಗೆ ಗಂಟೆಗೆ 1 ಪಾಯಿಂಟ್, ಅಡುಗೆಯವರಿಗೂ ಕ್ಲೀನರ್‌ಗೂ ಮುಕ್ಕಾಲು. ಮೂವರೂ 48 ಗಂಟೆ ದುಡಿದರೆ 48, 36, 36, ಒಟ್ಟು 120 ಪಾಯಿಂಟ್. ಡಬ್ಬಿಯಲ್ಲಿ 6,000 ರೂಪಾಯಿ ಇದ್ದರೆ ಪಾಯಿಂಟಿಗೆ 50, ಅಂದರೆ ಸಪ್ಲೈಯರ್‌ಗೆ 2,400, ಉಳಿದಿಬ್ಬರಿಗೆ ತಲಾ 1,800. ಮುಕ್ಕಾಲು ನನ್ನ ಅಂದಾಜು ಅಷ್ಟೇ, ನಿಮ್ಮಲ್ಲಿ ಎಷ್ಟಿರಬೇಕು ಅಂತ ಎಲ್ಲರನ್ನೂ ಕೂರಿಸಿ ತೀರ್ಮಾನಿಸಿ. ಮಾಲೀಕರು ಪಾಲು ತಗೊಂಡರೆ ಮಾತ್ರ ಯಾರೂ ನಂಬಲ್ಲ. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಿ ಈ ಡಬ್ಬಿ ತುಂಬಿಸೋಕೆ ಹೋಗಬೇಡಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಅದಕ್ಕೆ ಒಪ್ಪಲ್ಲ.

ಇದಾದ ಮೇಲೆ ಭಾನುವಾರ ಸಂಜೆಯನ್ನು ಸರದಿ ಪ್ರಕಾರ ಹಾಕಿ, ಪಟ್ಟಿ ಹತ್ತು ದಿನ ಮುಂಚೆ ಗೋಡೆಗೆ ಅಂಟಿಸಿ, ಅದಲು ಬದಲು ಇಬ್ಬರ ಸಹಿಯ ಮೇಲೆ ಮಾತ್ರ.