ಮೂರು ಚಿಲ್ಲರೆ ಸ್ಟಾರ್ ಕೊಟ್ಟವರು ಯಾರು?

ನನಗೆ 32 ವರ್ಷ, ವಿಜಯನಗರದಲ್ಲಿ ಮನೆ, ರಾಜಾಜಿನಗರದ ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೆಳ್ಳಂದೂರಿನ ಒಂದು ಕಂಪನಿಯಿಂದ ಒಳ್ಳೆಯ ಸಂಬಳದ ಆಫರ್ ಬಂದಿದೆ. ಅಲ್ಲಿನವರು ಹೆಸರು ಹಾಕದೆ ಬರೆದ ರಿವ್ಯೂಗಳನ್ನು ಓದಿ ನನ್ನ ಹೆಂಡತಿ ಬೇಡವೇ ಬೇಡ ಅಂತಿದ್ದಾಳೆ. ಮಗುವಿಗೆ ಏಳು ತಿಂಗಳು. ನನಗೋ, ಈಚಿನ ರಿವ್ಯೂಗಳೆಲ್ಲ ಚೆನ್ನಾಗಿಯೇ ಕಾಣುತ್ತಿವೆ. 41 ರಿವ್ಯೂಗಳನ್ನೂ ತಾರೀಖಿನ ಸಮೇತ ಕಳಿಸಿದ್ದೇನೆ. ಯಾರ ಮಾತು ಸರಿ? ಶುಕ್ರವಾರದೊಳಗೆ ಉತ್ತರ ಕೊಡಬೇಕು.
— ಹೆಸರು ಬೇಡ, ವಿಜಯನಗರ

ಪಟ್ಟಿಯನ್ನು ತಾರೀಖಿನ ಸಮೇತ ಕಳಿಸಿದ್ದರಿಂದ ಅರ್ಧ ಕೆಲಸ ಸಲೀಸಾಯಿತು. ಒಟ್ಟು ಸರಾಸರಿ 3.1. ಆ ಅಂಕಿಯನ್ನು ಸದ್ಯ ಮರೆತುಬಿಡಿ.

ಮೊದಲು ಪಟ್ಟಿಯನ್ನು ಕಾಲಕ್ಕೆ ತಕ್ಕಂತೆ ಮೂರು ಭಾಗ ಮಾಡೋಣ. 2019ರಿಂದ 2021ರವರೆಗಿನ 17 ರಿವ್ಯೂಗಳ ಸರಾಸರಿ 2.4. ಮುಂದಿನ ಎರಡು ವರ್ಷದ 11ರ ಸರಾಸರಿ 3. ಆಮೇಲಿನ 13ರದ್ದು 4.2. ಇದನ್ನು ನೋಡಿಯೇ ನಿಮಗೆ ಕಂಪನಿ ಸುಧಾರಿಸಿದೆ ಅನ್ನಿಸಿರುವುದು. ನಿಮ್ಮ ಮನೆಯವರು ಮೊದಲ ಭಾಗ ಓದಿ ಹೆದರಿದ್ದಾರೆ, ನೀವು ಕೊನೆಯ ಭಾಗ ಓದಿ ಹಿಗ್ಗಿದ್ದೀರಿ. ತಾರೀಖನ್ನು ಇನ್ನೂ ಹತ್ತಿರದಿಂದ ನೋಡಿದರೆ ಎರಡೂ ನಿಲ್ಲುವುದಿಲ್ಲ.

ಕೊನೆಯ 13ರಲ್ಲಿ 8 ರಿವ್ಯೂ ಬಂದಿರುವುದು ಒಂದೇ ವಾರದಲ್ಲಿ. ಎಂಟಕ್ಕೂ ಐದೈದು ಸ್ಟಾರ್. ಎಲ್ಲರೂ ಕೆಲಸಕ್ಕೆ ಸೇರಿ ಒಂದು ವರ್ಷ ತುಂಬದವರು, ಹುದ್ದೆಯ ಜಾಗ ಖಾಲಿ, ಕೊರತೆ ಏನು ಎಂಬಲ್ಲಿ ‘ಏನೂ ಇಲ್ಲ’. ಇವು ಸುಳ್ಳೇ ಆಗಿರಬೇಕಿಲ್ಲ. ಹೊಸದಾಗಿ ಸೇರಿದವರಿಗೆ ಎಚ್‌ಆರ್ ಒಂದು ಮೇಲ್ ಕಳಿಸಿ ‘ದಯವಿಟ್ಟು ರಿವ್ಯೂ ಹಾಕಿ’ ಅಂದಾಗ ಬರುವ ರೂಪ ಹೀಗೆಯೇ ಇರುತ್ತದೆ. ಮೂರು ತಿಂಗಳ ಉದ್ಯೋಗಿ ಮನಸಾರೆ ಐದು ಸ್ಟಾರ್ ಕೊಟ್ಟಿರಬಹುದು. ಆದರೆ ಅವರಿನ್ನೂ ಒಂದು ಅಪ್ರೈಸಲ್ ಸಹ ನೋಡಿಲ್ಲ, ನಿಮಗೆ ಬೇಕಿರುವುದು ಎರಡನೇ ವರ್ಷದ ಸಮಾಚಾರ. ಈ ಎಂಟನ್ನು ಪಕ್ಕಕ್ಕಿಟ್ಟರೆ ಉಳಿದ ಐದರ ಸರಾಸರಿ 2.8.

ಇದೇ ಅಳತೆಗೋಲನ್ನು ಬೈಗುಳಕ್ಕೂ ಹಿಡಿಯಬೇಕು, ಇಲ್ಲದಿದ್ದರೆ ನಾವೂ ಪಕ್ಷಪಾತಿಗಳೇ. ಹಳೆಯ 17ರಲ್ಲಿ ಐದು ಒಂದು ಸ್ಟಾರ್‌ನವು. ಐದೂ ಬಂದಿರುವುದು 2020ರ ಎರಡೇ ವಾರದಲ್ಲಿ, ಐದರಲ್ಲೂ ಕೆಲಸದಿಂದ ತೆಗೆದ ಮಾತು. ಅದು ಒಂದು ಘಟನೆ, ಆ ಮೂರು ವರ್ಷದ ಮಾಮೂಲಿ ಸ್ಥಿತಿಯಲ್ಲ. ಅವನ್ನೂ ಬದಿಗಿಟ್ಟರೆ ಉಳಿದ 12ರ ಸರಾಸರಿ ಸರಿಯಾಗಿ 3.

ಈಗ ಮೂರು ಕಾಲದ ಅಂಕಿಗಳು 3, 3, 2.8. ಕಂಪನಿ ಕೆಟ್ಟೂ ಇರಲಿಲ್ಲ, ಸುಧಾರಿಸಿಯೂ ಇಲ್ಲ. ಏರಿಳಿತ ಪೂರ್ತಿ ಬಂದದ್ದು ಎರಡು ಗುಂಪಿನಿಂದ, ಒಂದು ಸಿಟ್ಟಿನದು, ಇನ್ನೊಂದು ಎಚ್‌ಆರ್ ಮೇಲ್‌ನದು ಇರಬಹುದು. ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುವವರು ಸಾಮಾನ್ಯವಾಗಿ ಇಲ್ಲಿಗೆ ಬಂದು ಬರೆಯುವುದಿಲ್ಲ. ಬರೆದರೂ ಗ್ಲಾಸ್‌ಡೋರ್‌ನಂಥ ತಾಣದಲ್ಲಿ ಬೇರೆಯವರ ರಿವ್ಯೂ ಪೂರ್ತಿ ಓದಲು ನಾವೂ ಒಂದು ಹಾಕಬೇಕು ಎಂಬ ನಿಯಮಕ್ಕಾಗಿ ಎರಡು ಸಾಲು ಗೀಚಿ ಹೋಗುವುದುಂಟು. ಏಪ್ರಿಲ್, ಮೇ ತಿಂಗಳ ರಿವ್ಯೂ ಕಂಡರೆ ಅಪ್ರೈಸಲ್ ಪತ್ರ ಕೈಗೆ ಬಂದ ಬಿಸಿ ಇನ್ನೂ ಆರಿಲ್ಲವೇನೋ ಎಂದೂ ಕೇಳಿಕೊಳ್ಳಿ.

ಹಾಗಂತ ಬದಿಗಿಟ್ಟಿದ್ದನ್ನು ಬಿಸಾಡಬೇಡಿ. ಆ ಐದು ಸಿಟ್ಟಿನ ರಿವ್ಯೂಗಳಲ್ಲಿ ಎರಡು, ಕೊನೆಯ ಲೆಕ್ಕ ಚುಕ್ತಾ ಆಗಲು ನಾಲ್ಕು ತಿಂಗಳು ಹಿಡಿಯಿತು ಎನ್ನುತ್ತವೆ. ‘ಟಾಕ್ಸಿಕ್’ ಎಂಬ ಪದದಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ‘ನಾಲ್ಕು ತಿಂಗಳು’ ಎಂಬುದನ್ನು ಬೇರೆಯವರ ಬಳಿ ಕೇಳಿ ತಾಳೆ ನೋಡಬಹುದು. ಹಳೆಯ ರಿವ್ಯೂವಿನಲ್ಲಿ ಕ್ಯಾಬ್, ಮನೆಯಿಂದ ಕೆಲಸ, ಮ್ಯಾನೇಜರ್ ಸ್ವಭಾವ ಇವು ಬೇಗ ಹಳಸುತ್ತವೆ. ದುಡ್ಡು ಕೊಡುವ ರೀತಿ ಅಷ್ಟು ಬೇಗ ಬದಲಾಗುವುದಿಲ್ಲ.

ಉಳಿದ ಐದು ಹೊಸ ರಿವ್ಯೂಗಳಿಗೆ ಬರೋಣ. ಎರಡು ಮುಂಬೈನ ಸೇಲ್ಸ್ ವಿಭಾಗದವು, ಒಂದು ಮತ್ತು ಎರಡು ಸ್ಟಾರ್. ಟಾರ್ಗೆಟ್ ಒತ್ತಡ ಅವರ ದೂರು, ಅದು ನಿಮ್ಮ ಕೆಲಸವಲ್ಲ. ಮಿಕ್ಕ ಮೂರು ಬೆಂಗಳೂರಿನ ಎಂಜಿನಿಯರಿಂಗ್‌ನವು: 3, 4, 4. ಅಂದರೆ 41 ಜನರ ಪೈಕಿ ಈಗ ನಿಮ್ಮ ಥರದ ಕೆಲಸದಲ್ಲಿ, ನಿಮ್ಮ ಊರಿನಲ್ಲಿ ಇರುವವರು ಮೂವರೇ. ಸರಾಸರಿ 3.7 ಎಂದು ಖುಷಿಪಡುವ ಹಾಗಿಲ್ಲ. ಅವರಲ್ಲಿ ಒಬ್ಬರು 4ರ ಬದಲು 1 ಒತ್ತಿದ್ದರೆ ಅದು 2.7ಕ್ಕೆ ಇಳಿಯುತ್ತಿತ್ತು. ಮೂವರ ಸರಾಸರಿಗೆ ಅಷ್ಟೇ ಬೆಲೆ. ಸ್ಟಾರ್ ಬಿಟ್ಟು ಅವರು ಬರೆದದ್ದನ್ನು ಓದಿ.

ಬೇರೆಬೇರೆ ತಿಂಗಳಲ್ಲಿ ಬರೆದ ಇಬ್ಬರು, ವಾರಕ್ಕೆ ಎರಡು ದಿನ ಅಮೆರಿಕದ ತಂಡದ ಜೊತೆ ರಾತ್ರಿ 11ರವರೆಗೆ ಕಾಲ್ ಇರುತ್ತದೆ ಎಂದಿದ್ದಾರೆ. ಇಬ್ಬರೂ ಕೊಟ್ಟಿದ್ದು 4, ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ. ಏಳು ತಿಂಗಳ ಮಗು ಇರುವ ಮನೆಗೆ ಅದೇ ದೊಡ್ಡದು. 3 ಕೊಟ್ಟವರು ಆರೂವರೆಗೆ ಮನೆಗೆ ಹೊರಡುತ್ತಾರೆ, ಆದರೆ ಸಂಬಳ ಏರಿಕೆ ಏಪ್ರಿಲ್‌ನಿಂದ ಜುಲೈಗೆ ಹೋಯಿತು ಎಂಬ ಅಸಮಾಧಾನ. ಮಾತು ವಿರುದ್ಧ ಕಂಡರೂ ಇಬ್ಬಗೆಯವರೂ ನಿಜವೇ ಹೇಳುತ್ತಿರಬಹುದು, ತಂಡ ಬೇರೆ ಇರಬೇಕು. ಹಾಗಾಗಿ ನಿಮ್ಮ ಪ್ರಶ್ನೆ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ, ನಿಮ್ಮನ್ನು ಯಾವ ತಂಡಕ್ಕೆ ಹಾಕುತ್ತಾರೆ ಎಂಬುದು.

ಶುಕ್ರವಾರದೊಳಗೆ ಮೂರು ಕೆಲಸ ಮಾಡಬಹುದು. ಇವತ್ತೇ ಇಪಿಎಫ್‌ಒ ಜಾಲತಾಣದ Establishment Search ಪುಟಕ್ಕೆ ಹೋಗಿ ಕಂಪನಿಯ ಹೆಸರು ಹಾಕಿ. ಪಾವತಿಯ ವಿವರದಲ್ಲಿ ಪ್ರತಿ ತಿಂಗಳ ಪಿಎಫ್ ಯಾವ ದಿನ ಜಮೆ ಆಯಿತು, ಎಷ್ಟು ಉದ್ಯೋಗಿಗಳಿಗೆ ಕಟ್ಟಿದ್ದಾರೆ ಎಂದು ಕಾಣುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೇಲಿಂದ ಮೇಲೆ ತಡವಾಗಿದ್ದರೆ ಕೈಯಲ್ಲಿ ದುಡ್ಡು ಬಿಗಿಯಿದೆ ಎಂದು ಅನುಮಾನಿಸಬಹುದು. ಸಂಖ್ಯೆ ಕೆಲವೇ ತಿಂಗಳಲ್ಲಿ ಧಡಕ್ಕನೆ ಇಳಿದಿದ್ದರೆ ಕಾರಣ ಕೇಳಬೇಕು. ಒಂದೇ ಕಂಪನಿಗೆ ಎರಡು ಮೂರು ಪಿಎಫ್ ಕೋಡ್ ಇರಬಹುದು, ಗುತ್ತಿಗೆಯವರು ಬೇರೆ ಕಡೆ ಇರುತ್ತಾರೆ, ಸ್ವಂತ ಪಿಎಫ್ ಟ್ರಸ್ಟ್ ಇರುವ ಕಂಪನಿಯ ಲೆಕ್ಕ ಹೀಗೆ ಸಿಗುವುದಿಲ್ಲ, ಅದು ನೆನಪಿರಲಿ.

ಎರಡನೆಯದು, ಲಿಂಕ್ಡ್‌ಇನ್‌ನಲ್ಲಿ ಆರು ತಿಂಗಳಿಂದ ಒಂದೂವರೆ ವರ್ಷದ ಹಿಂದೆ ಅಲ್ಲಿನ ಟೆಸ್ಟಿಂಗ್ ಬಿಟ್ಟ ಇಬ್ಬರನ್ನು ಹುಡುಕಿ. ‘ಕಂಪನಿ ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಅಂತಾರೆ, ಅಲ್ಲಿಗೆ ಮುಗಿಯಿತು. ವಾರದಲ್ಲಿ ಎಷ್ಟು ದಿನ ರಾತ್ರಿ ಒಂಬತ್ತರ ನಂತರ ಕಾಲ್ ಇತ್ತು, ಬಿಟ್ಟ ಮೇಲೆ ದುಡ್ಡು ಎಷ್ಟು ದಿನಕ್ಕೆ ಬಂತು ಎಂದು ಕೇಳಿ.

ಮೂರನೆಯದು, ಎಚ್‌ಆರ್‌ಗೆ ಮೇಲ್: ಯಾವ ಪ್ರಾಡಕ್ಟ್ ತಂಡ, ರಾತ್ರಿ ಕಾಲ್ ವಾರಕ್ಕೆ ಎಷ್ಟು, ಮರುದಿನ ತಡವಾಗಿ ಬರಬಹುದೇ, ಈ ಹುದ್ದೆ ಯಾಕೆ ಖಾಲಿಯಾಯಿತು. ಜೊತೆಗೇ ಸೋಮವಾರದವರೆಗೆ ಸಮಯ ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ. ಅಮೆರಿಕದ ತಂಡ ಎಂದು ಉತ್ತರ ಬಂದರೆ ಆ ಎರಡು ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮನೆಯಲ್ಲಿ ಕೂತು ಮಾತಾಡಿ. ಬೆಳ್ಳಂದೂರಿನಿಂದ ವಿಜಯನಗರದ ಸಂಜೆಯ ದಾರಿಯನ್ನೂ ಅದರೊಳಗೆ ಸೇರಿಸಿ. ಇನ್ನೊಂದು ತಂಡವಾದರೆ ನಿಮ್ಮ ಮನೆಯವರ ಮುಖ್ಯ ಆತಂಕಕ್ಕೆ ಈ ರಿವ್ಯೂಗಳಲ್ಲಿ ಆಧಾರವಿಲ್ಲ, ಏರಿಕೆಯ ತಿಂಗಳು ಯಾವುದು ಎಂದಷ್ಟೇ ಬರವಣಿಗೆಯಲ್ಲಿ ಪಡೆಯಿರಿ. ಉತ್ತರ ಬಾಯಿಮಾತಿನಲ್ಲೇ ಬಂದರೆ, ಅದನ್ನು ನೀವೇ ಮೇಲ್‌ನಲ್ಲಿ ಬರೆದು ‘ಇದು ಸರಿಯೇ’ ಎಂದು ಕಳಿಸಿ. ಅದು ಖಚಿತವಾಗುವವರೆಗೆ ರಾಜಾಜಿನಗರದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.